ನಾಲ್ಕೂ ಚೌಕಕ್ಕೆ ಟಿಕ್ ಬಿದ್ದ ಹಾಳೆ: ಹದಿಹರೆಯದ ಖಿನ್ನತೆಗೆ ಐಪಿಟಿ

ಶಿವಮೊಗ್ಗದಲ್ಲಿ ನಮ್ಮ ಬಳಿ ತರಬೇತಿಗೆ ಬಂದಿದ್ದ ಆಪ್ತಸಮಾಲೋಚಕಿಯೊಬ್ಬರು ಒಂದು ಸಂಜೆ ನನ್ನ ಮೇಜಿನ ಮೇಲೆ ಹಾಳೆಯೊಂದನ್ನು ಇಟ್ಟರು. ಅದರಲ್ಲಿ ನಾಲ್ಕು ಚೌಕಗಳಿದ್ದವು: ಸಾವಿನ ಶೋಕ, ಸಂಬಂಧದೊಳಗಿನ ತಕರಾರು, ಪಾತ್ರದ ಬದಲಾವಣೆ, ಒಡನಾಟದ ಕೊರತೆ. ನಾಲ್ಕಕ್ಕೂ ಟಿಕ್ ಬಿದ್ದಿತ್ತು. "ಈ ಹುಡುಗಿಗೆ ಎಲ್ಲವೂ ಇದೆ ಸರ್. ಯಾವುದನ್ನು ಬಿಡಲಿ?" ಎಂದು ಕೇಳಿದರು.

ಐಪಿಟಿ, ಅಂದರೆ ಅಂತರ್ವ್ಯಕ್ತೀಯ ಚಿಕಿತ್ಸೆಯನ್ನು ಕಲಿಯುವವರೆಲ್ಲ ಎಡವುವ ಜಾಗ ಇದು. ಆ ಚೌಕಗಳು ಹೇಳುವ ನಾಲ್ಕು ಸಮಸ್ಯಾ ವಲಯಗಳ ಹೆಸರನ್ನು ಒಂದು ಮಧ್ಯಾಹ್ನದಲ್ಲಿ ಬಾಯಿಪಾಠ ಮಾಡಬಹುದು. ಎದುರಿಗೆ ಕುಳಿತ ಮಗುವಿನ ಮಟ್ಟಿಗೆ ಅವುಗಳಲ್ಲಿ ಒಂದನ್ನು, ಹೆಚ್ಚೆಂದರೆ ಎರಡನ್ನು ಆರಿಸಿ, ಅದನ್ನು ಮಗುವೂ ತಾಯಿಯೂ ಒಪ್ಪುವ ಮಾತಿನಲ್ಲಿ ಬರೆಯುವುದು ಕಷ್ಟದ ಕೆಲಸ. ಆ ಬರಹವೇ ಚಿಕಿತ್ಸಾ ಒಪ್ಪಂದ. ಈ ಲೇಖನ ಅದರ ಬಗ್ಗೆ.

ಹಿನ್ನೆಲೆಗೆ ನಾಲ್ಕು ಮಾತು ಸಾಕು. 1970ರ ದಶಕದಲ್ಲಿ ಅಮೆರಿಕದಲ್ಲಿ ಜೆರಾಲ್ಡ್ ಕ್ಲರ್ಮನ್, ಮಿರ್ನಾ ವೈಸ್‌ಮನ್ ಮತ್ತು ಸಂಗಡಿಗರು ವಯಸ್ಕರ ಖಿನ್ನತೆಗಾಗಿ ಐಪಿಟಿಯನ್ನು ರೂಪಿಸಿದರು. ಲಾರಾ ಮಫ್ಸನ್ ಮತ್ತು ಅವರ ತಂಡ ಅದನ್ನು ಹದಿಹರೆಯದವರಿಗೆ ಒಗ್ಗಿಸಿ 1993ರಲ್ಲಿ ಕೈಪಿಡಿ ತಂದಿತು. ಅದೇ ಐಪಿಟಿ-ಎ. ವಾರಕ್ಕೊಂದರಂತೆ ಹನ್ನೆರಡು ಭೇಟಿ: ಮೊದಲ ನಾಲ್ಕು ಅರಿಯಲು, ನಡುವಿನ ಐದು ಬದಲಿಸಲು, ಕೊನೆಯ ಮೂರು ಬೀಳ್ಕೊಡಲು. ಖಿನ್ನತೆಗೆ ಕಾರಣ ಏನೇ ಇರಲಿ, ಅದು ಹತ್ತಿರದವರೊಡನೆ ಇರುವ ಸಂಬಂಧದ ನಡುವೆಯೇ ಬೆಳೆಯುತ್ತದೆ, ಆ ಸಂಬಂಧವನ್ನೂ ಕೆಡಿಸುತ್ತದೆ, ಕೆಟ್ಟ ಸಂಬಂಧ ಮನಸ್ಸನ್ನು ಮತ್ತೂ ಕುಗ್ಗಿಸುತ್ತದೆ. ಈ ಸುತ್ತನ್ನು ಸಂಬಂಧದ ಕಡೆಯಿಂದ ಕತ್ತರಿಸುವುದೇ ಐಪಿಟಿಯ ಲೆಕ್ಕಾಚಾರ. ಬಾಲ್ಯದ ಬೇರು ಅಗೆಯುವ ಕೆಲಸವನ್ನು ಅದು ಬೇರೆಯವರಿಗೆ ಬಿಟ್ಟುಕೊಡುತ್ತದೆ.

ಇನ್ನು ಆ ಹುಡುಗಿ. ಸುಮಾ ಎಂಬ ಹೆಸರು ನಾನಿಟ್ಟದ್ದು. ವಿವರಗಳನ್ನು ಹಲವು ಮಕ್ಕಳ ಸಂಗತಿಗಳಿಂದ ಕೂಡಿಸಿ ಬದಲಾಯಿಸಿದ್ದೇನೆ. ವಯಸ್ಸು ಹದಿನಾರು, ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಯುವ ಮನೆ, ಶಿವಮೊಗ್ಗದಲ್ಲಿ ಮೊದಲ ಪಿಯುಸಿ ವಿಜ್ಞಾನ, ಹಾಸ್ಟೆಲ್ ವಾಸ. ಮಾರ್ಚ್‌ನಲ್ಲಿ ಅಜ್ಜಿ ತೀರಿಕೊಂಡರು. ಜೂನ್‌ನಲ್ಲಿ ಕಾಲೇಜು ಶುರುವಾಯಿತು. ಜುಲೈ ಕೊನೆಯ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು. ಆಗಸ್ಟ್ ನಡುವಿನಿಂದ ಬೆಳಗಿನ ತಿಂಡಿ ಬಿಟ್ಟಳು, ರಾತ್ರಿ ಎರಡಕ್ಕೆ ಎಚ್ಚರವಾಗತೊಡಗಿತು, ತರಗತಿಯಲ್ಲಿ ಪುಟ ತಿರುವದೆ ಕೂರುತ್ತಿದ್ದಳು. ಸೆಪ್ಟೆಂಬರ್‌ನಲ್ಲಿ ಉಪನ್ಯಾಸಕರೊಬ್ಬರು ಕಳುಹಿಸಿಕೊಟ್ಟರು. ಖಿನ್ನತೆಯ ತೀವ್ರತೆ ಅಳೆಯುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-ಎ ಪಟ್ಟಿಯಲ್ಲಿ 27ಕ್ಕೆ 17 ಬಂತು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅಲ್ಲಿ "ಕೆಲವು ದಿನ" ಎಂದು ಗುರುತು ಹಾಕಿದ್ದಳು. ನೇರವಾಗಿ, ಒಂಟಿಯಾಗಿ ಕೂರಿಸಿ ಕೇಳಿದಾಗ "ಬೆಳಗ್ಗೆ ಏಳದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ, ಏನೂ ಮಾಡಿಕೊಳ್ಳುವ ಯೋಚನೆ ಇಲ್ಲ" ಎಂದಳು. ಯೋಜನೆ ಇದ್ದಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಆಗ ಮೊದಲ ಕೆಲಸ ಮನೋವೈದ್ಯರದು. ಆತ್ಮಹತ್ಯೆಯ ಸನ್ನಿಹಿತ ಅಪಾಯ, ಭ್ರಮೆಗಳು, ಉನ್ಮಾದದ ಹಂತ, ಮಾದಕ ವ್ಯಸನ ಇರುವ ಮಗುವಿಗೆ ಐಪಿಟಿ-ಎ ಒಂದನ್ನೇ ನೆಚ್ಚಬಾರದು.

ಎರಡನೆಯ ಭೇಟಿಯಿಂದ ಸಂಬಂಧಗಳ ಲೆಕ್ಕ ತೆಗೆಯುತ್ತೇವೆ. ಒಂದರೊಳಗೊಂದು ನಾಲ್ಕು ವೃತ್ತ ಬರೆದು, ನಡುವೆ ತನ್ನ ಹೆಸರಿಟ್ಟು, ಹತ್ತಿರದವರನ್ನು ಒಳಗೂ ದೂರದವರನ್ನು ಹೊರಗೂ ಬರೆಯಲು ಮಗುವಿಗೆ ಹೇಳುತ್ತೇವೆ. ಸುಮಾ ತೀರಿಹೋದ ಅಜ್ಜಿಯನ್ನು ತನ್ನ ಪಕ್ಕದಲ್ಲೇ ಇಟ್ಟಳು. ಅಪ್ಪಯ್ಯ ಎರಡನೆಯ ವೃತ್ತ. ರಿಪ್ಪನ್‌ಪೇಟೆಯ ಹೈಸ್ಕೂಲಿನ ಇಬ್ಬರು ಗೆಳತಿಯರು ಮೂರನೆಯದರಲ್ಲಿ. ಹಾಸ್ಟೆಲಿನ ಕೋಣೆಯವಳು ಅಂಚಿನಲ್ಲಿ. ಅಮ್ಮನ ಹೆಸರನ್ನು ಎರಡನೆಯದರಲ್ಲಿ ಬರೆದು ಅಳಿಸಿ, ಮೂರರಲ್ಲಿ ಬರೆದು, ಕೊನೆಗೆ ಗೆರೆಯ ಮೇಲೆಯೇ ಬರೆದಳು. ಆಮೇಲೆ ಯಾರೂ ಹೇಳದೆ ಅಮ್ಮನಿಂದ ಅಜ್ಜಿಗೆ ಒಂದು ಬಾಣ, ಅಜ್ಜಿಯಿಂದ ತನಗೆ ಇನ್ನೊಂದು ಬಾಣ ಎಳೆದಳು. "ಅಮ್ಮ ಏನು ಹೇಳುವುದಿದ್ದರೂ ಅಜ್ಜಿಯ ಹತ್ತಿರ ಹೇಳುತ್ತಿದ್ದಳು. ಅಜ್ಜಿ ನನಗೆ ಬೇರೆ ಥರ ಹೇಳುತ್ತಿದ್ದಳು."

ತರಬೇತಿಗೆ ಬಂದಿದ್ದ ಆಪ್ತಸಮಾಲೋಚಕಿ ಈ ವೃತ್ತಗಳನ್ನು ನೋಡಿಯೇ ನಾಲ್ಕೂ ಚೌಕ ತುಂಬಿದ್ದು. ಒಂದೊಂದನ್ನೇ ತೆಗೆದು ನೋಡಿದೆವು.

ಮೊದಲು ಶೋಕ. ಐಪಿಟಿಯಲ್ಲಿ ಈ ಪದ ನಿಜವಾದ ಸಾವಿಗೆ ಮಾತ್ರ ಮೀಸಲು. ಪ್ರೀತಿ ಮುರಿದದ್ದು, ಗೆಳತಿ ದೂರವಾದದ್ದು ಬೇರೆ ವಲಯಗಳಿಗೆ ಸೇರುತ್ತವೆ. ಸಾವು ಸಂಭವಿಸಿದೆ ಎಂದ ಮಾತ್ರಕ್ಕೂ ಇದು ಚಿಕಿತ್ಸೆಯ ವಲಯವಾಗುವುದಿಲ್ಲ. ದುಃಖ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು: ಸತ್ತವರ ಹೆಸರೆತ್ತಿದರೆ ಮಗು ಕಲ್ಲಾಗುತ್ತದೆ, ಅಥವಾ ಅವರಲ್ಲಿ ಒಂದೂ ತಪ್ಪಿರಲಿಲ್ಲ ಎನ್ನುತ್ತದೆ, ಅಥವಾ ತಿಥಿಯ ಆಸುಪಾಸಿನಲ್ಲೇ ಕುಸಿತ ಶುರುವಾಗಿರುತ್ತದೆ. ಸುಮಾ ಅಜ್ಜಿಯ ಬಗ್ಗೆ ಅಳುತ್ತಲೂ ನಗುತ್ತಲೂ ಮಾತಾಡಿದಳು, ಅಜ್ಜಿಯ ಎಲೆ ಅಡಿಕೆಯ ಚಟವನ್ನು ಬೈದಳು ಕೂಡ. ಮಾರ್ಚ್‌ನಿಂದ ಜುಲೈವರೆಗೆ ಊಟ, ನಿದ್ರೆ, ಓದು ಸರಿಯಾಗಿಯೇ ಇದ್ದವು. ದುಃಖ ಇದೆ, ಹರಿಯುತ್ತಿದೆ. ಆ ಚೌಕವನ್ನು ಹೊಡೆದುಹಾಕಿದೆವು.

ಒಡನಾಟದ ಕೊರತೆಯನ್ನು ತೆಗೆಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಯಾವ ಕಾಲದಲ್ಲೂ ಗೆಳೆತನ ಕಟ್ಟಲು, ಉಳಿಸಲು ಬಾರದೆ ಬಂದ ಮಗುವಿಗಾಗಿ ಇರುವ ವಲಯ ಅದು, ಬೇರೆ ಮೂರೂ ಹೊಂದದಿದ್ದಾಗ ಕೊನೆಗೆ ಕೈಹಾಕುವಂಥದ್ದು. ರಿಪ್ಪನ್‌ಪೇಟೆಯಲ್ಲಿ ಇಬ್ಬರು ಜೀವದ ಗೆಳತಿಯರಿದ್ದವಳಿಗೆ ಅದು ಅನ್ವಯಿಸದು. ಖಿನ್ನತೆಯಲ್ಲಿರುವ ಮಗು ಯಾರೊಡನೆಯೂ ಬೆರೆಯುವುದಿಲ್ಲ, ಅದನ್ನು ಸ್ವಭಾವ ಎಂದು ಓದಿಕೊಳ್ಳುವುದು ಕಲಿಯುವವರ ಸಾಮಾನ್ಯ ತಪ್ಪು. "ಖಿನ್ನತೆ ಬರುವ ಮೊದಲು ಹೇಗಿದ್ದೆ?" ಎಂಬ ಒಂದು ಪ್ರಶ್ನೆ ಅದನ್ನು ತಪ್ಪಿಸುತ್ತದೆ.

ಪಾತ್ರದ ಬದಲಾವಣೆ ಎಂದರೆ ಹಳೆಯ ಬದುಕಿನ ಸ್ಥಾನ ಬಿಟ್ಟು ಹೊಸದಕ್ಕೆ ಬರುವಾಗಿನ ತೊಡಕು. ಊರಿನ ಶಾಲೆಯಲ್ಲಿ ಮೊದಲ ಸ್ಥಾನದಲ್ಲಿದ್ದವರು ಪೇಟೆಯ ಕಾಲೇಜಿನಲ್ಲಿ ಎಪ್ಪತ್ತನೆಯವರಾಗುವುದು, ಅಪ್ಪ ಅಮ್ಮ ಬೇರೆಯಾಗುವುದು, ಮನೆಯಲ್ಲಿ ಕಾಯಿಲೆ ಬಂದು ಹುಡುಗನೇ ತೋಟ ನೋಡಿಕೊಳ್ಳಬೇಕಾಗುವುದು ಎಲ್ಲ ಇದರೊಳಗೆ ಬರುತ್ತವೆ. ಮೊದಲ ಕೈಪಿಡಿಯಲ್ಲಿ ಒಂಟಿ ಪೋಷಕರ ಕುಟುಂಬ ಎಂಬ ಐದನೆಯ ವಲಯವೂ ಇತ್ತು. ಆಮೇಲೆ ಅದನ್ನು ಇದರೊಳಕ್ಕೇ ಸೇರಿಸಿದರು. ಇಲ್ಲಿ ಮಾಡುವ ಕೆಲಸವೆಂದರೆ ಹಳೆಯದರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳಿಸಿ ಅದಕ್ಕೊಂದು ವಿದಾಯ ಕೊಡಿಸುವುದು, ಹೊಸದಕ್ಕೆ ಬೇಕಾದ ಕೌಶಲ ಕಲಿಸುವುದು. ಸುಮಾಳ ಸಂಗತಿಯಲ್ಲಿ ಇದು ನಿಜವಾಗಿಯೂ ಇತ್ತು.

ಉಳಿದದ್ದು ತಕರಾರು. ಈ ಪದ ಕೇಳಿ ಕಿರುಚಾಟ ಎಂದುಕೊಳ್ಳಬೇಡಿ. ಸಂಬಂಧದಲ್ಲಿ ಇಬ್ಬರ ನಿರೀಕ್ಷೆಗಳು ಹೊಂದದಿದ್ದರೆ ಅದೇ ತಕರಾರು. ಅದಕ್ಕೆ ಮೂರು ಸ್ಥಿತಿ: ಮಾತುಕತೆ ಇನ್ನೂ ನಡೆದಿದೆ, ಮಾತು ನಿಂತು ಕಗ್ಗಂಟಾಗಿದೆ, ಸಂಬಂಧವೇ ಮುಗಿಯುವ ಹಾದಿಯಲ್ಲಿದೆ. ಸ್ಥಿತಿ ಯಾವುದೆಂದು ಗುರುತಿಸುವುದು ಮುಖ್ಯ, ಏಕೆಂದರೆ ಕೆಲಸ ಅದರ ಮೇಲೆ ನಿಂತಿದೆ. ಮಾತಿನ ಕಾವು ಹೆಚ್ಚಾಗಿದ್ದರೆ ಇಳಿಸಬೇಕು, ಕಗ್ಗಂಟಾಗಿದ್ದರೆ ಮೊದಲು ಸ್ವಲ್ಪ ಕಾವು ಏರಿದರೂ ಸರಿ, ಮಾತು ಶುರುವಾಗಬೇಕು. ಸುಮಾಳ ಅಮ್ಮ ದಿನವೂ ರಾತ್ರಿ ಎಂಟೂವರೆಗೆ ಫೋನ್ ಮಾಡುತ್ತಿದ್ದರು. ಮೊದಲ ಮಾತೇ "ಟೆಸ್ಟ್ ಇತ್ತಾ? ಎಷ್ಟು ಬಂತು?" ಇವಳು "ಹೂಂ", "ಇಲ್ಲ" ಎಂದು ಕತ್ತರಿಸುತ್ತಿದ್ದಳು. ಎರಡು ನಿಮಿಷಕ್ಕೆ ಕರೆ ಮುಗಿಯುತ್ತಿತ್ತು. ಇಬ್ಬರೂ ಒಮ್ಮೆಯೂ ಜಗಳವಾಡಿರಲಿಲ್ಲ. ಕಗ್ಗಂಟು ಎಂದರೆ ಇದೇ.

ಬದಲಾವಣೆಯೋ, ತಕರಾರೋ? ತರಬೇತಿಗೆ ಬಂದವರಿಗೆ ಮೂರು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ. ಮನಸ್ಸು ಕುಸಿದದ್ದು ಯಾವಾಗ? ವಾರದ ಕೆಟ್ಟ ದಿನಗಳಲ್ಲಿ ಏನು ನಡೆದಿರುತ್ತದೆ? ಇನ್ನುಳಿದ ಎಂಟು ವಾರಗಳಲ್ಲಿ ಈ ಮಗು ತಾನೇ ಏನನ್ನು ಬದಲಿಸಬಲ್ಲದು? ಪ್ರತಿ ಭೇಟಿಯ ಆರಂಭದಲ್ಲಿ ಮಗು ತನ್ನ ವಾರದ ಮನಸ್ಥಿತಿಗೆ ಒಂದರಿಂದ ಹತ್ತರೊಳಗೆ ಅಂಕ ಕೊಡುತ್ತದೆ, ನಮ್ಮಲ್ಲಿ ಹತ್ತು ಎಂದರೆ ತೀರಾ ಕೆಟ್ಟದ್ದು. ಸುಮಾ ಎಂಟು, ಒಂಬತ್ತು ಎಂದ ದಿನಗಳೆಲ್ಲ ಹಿಂದಿನ ರಾತ್ರಿ ಅಮ್ಮನ ಕರೆಯಲ್ಲಿ ಪರೀಕ್ಷೆಯ ಅಂಕದ ವಿಷಯ ಬಂದ ದಿನಗಳು. ಹಬ್ಬಕ್ಕೆ ಊರಿಗೆ ಹೋಗಿ ಗೆಳತಿಯರೊಡನೆ ಕಳೆದ ಮೂರು ದಿನಗಳಿಗೆ ಅವಳು ಕೊಟ್ಟದ್ದು ನಾಲ್ಕು. ಹಾಗಾಗಿ ಅಮ್ಮನೊಡನೆ ತಕರಾರು ಮೊದಲನೆಯದು, ಕಾಲೇಜಿನ ಬದಲಾವಣೆ ಎರಡನೆಯದು ಎಂದು ಗೊತ್ತುಮಾಡಿದೆವು. ಅಜ್ಜಿ ಹೋದದ್ದನ್ನು ಬಿಟ್ಟುಬಿಟ್ಟೆವೆಂದಲ್ಲ. ಇಬ್ಬರ ನಡುವೆ ಇದ್ದ ಸಂಕ ಬಿದ್ದುಹೋಗಿದೆ ಎಂಬ ರೂಪದಲ್ಲಿ ಅದು ಒಪ್ಪಂದದೊಳಗೆ ಬಂತು. ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ ಕೊಚ್ಚಿಹೋದರೆ ಏನಾಗುತ್ತದೆಂದು ಆ ಕಡೆಯವರಿಗೆ ವಿವರಿಸಬೇಕಿಲ್ಲ.

ಸುಮಾಳ ಚಿಕಿತ್ಸಕಿಯಾಗಿದ್ದ ಆ ಆಪ್ತಸಮಾಲೋಚಕಿ ನಾಲ್ಕನೆಯ ಭೇಟಿಗೆ ತಂದ ಮೊದಲ ಕರಡಿನಲ್ಲಿ "ಗುರಿ: ತಾಯಿಯೊಂದಿಗೆ ಸಂವಹನ ಸುಧಾರಣೆ" ಎಂದಿತ್ತು. ಸುಧಾರಿಸಿತೆಂದು ಯಾವ ದಿನ, ಯಾರಿಗೆ, ಹೇಗೆ ಗೊತ್ತಾಗಬೇಕು? ಕರಡು ವಾಪಸ್ ಹೋಯಿತು. ತಾಯಿ ಓದಿ ಸಹಿ ಹಾಕಿದ ಪ್ರತಿ ಹೀಗಿತ್ತು:

ಒಪ್ಪಂದ

ನಮಗೆ ಅರ್ಥವಾದದ್ದು: ಸುಮಾಳಿಗೆ ಖಿನ್ನತೆ ಇದೆ. ಇದು ಸೋಮಾರಿತನವಲ್ಲ, ಚಿಕಿತ್ಸೆ ಇರುವ ಕಾಯಿಲೆ. ಅಜ್ಜಿ ಇದ್ದಾಗ ಅಮ್ಮನ ಮಾತು ಸುಮಾಳಿಗೆ, ಸುಮಾಳ ಮಾತು ಅಮ್ಮನಿಗೆ ಅಜ್ಜಿಯ ಮೂಲಕ ತಲುಪುತ್ತಿತ್ತು. ಈಗ ನೇರವಾಗಿ ಆಡಬೇಕಾಗಿದೆ, ಇಬ್ಬರಿಗೂ ರೂಢಿಯಿಲ್ಲ. ಅಮ್ಮ ಕಾಳಜಿಯಿಂದ ಕೇಳುವುದು ಸುಮಾಳಿಗೆ ಲೆಕ್ಕ ಕೇಳಿದಂತೆ ಕೇಳಿಸುತ್ತದೆ. ಹೊಸ ಕಾಲೇಜಿನ ಕಷ್ಟವನ್ನು ಅವಳು ಯಾರಿಗೂ ಹೇಳುತ್ತಿಲ್ಲ.

ನಾವು ಕೆಲಸ ಮಾಡುವುದು: ಒಂದು, ಅಮ್ಮ ಮತ್ತು ಸುಮಾ ಒಬ್ಬರಿಂದೊಬ್ಬರು ಏನು ಬಯಸುತ್ತಾರೆಂಬುದರ ಮೇಲೆ. ಎರಡು, ಹಾಸ್ಟೆಲಿನ ಬದುಕಿಗೆ ಹೊಂದಿಕೊಳ್ಳುವುದರ ಮೇಲೆ.

ಗುರಿ: ಎಂಟನೆಯ ಭೇಟಿಯೊಳಗೆ ಸುಮಾ ತನಗೆ ಕಷ್ಟವಾದ ಒಂದು ಸಂಗತಿಯನ್ನು ಅಮ್ಮನಿಗೆ ತಾನಾಗಿ ಹೇಳಿರುತ್ತಾಳೆ. ವಾರಕ್ಕೆ ಎರಡು ಕರೆಗಳಾದರೂ ಅಂಕದ ಮಾತಿಲ್ಲದೆ ನಡೆದಿರುತ್ತವೆ. ತರಗತಿಯ ಒಬ್ಬಳೊಡನೆ ವಾರಕ್ಕೊಮ್ಮೆಯಾದರೂ ಕೂತು ಓದಿರುತ್ತಾಳೆ.

ಭೇಟಿ: ಒಟ್ಟು ಹನ್ನೆರಡು, ವಾರಕ್ಕೊಂದು, ಶನಿವಾರ ಮಧ್ಯಾಹ್ನ ಮೂರಕ್ಕೆ, 45 ನಿಮಿಷ. ನಾಲ್ಕು ಮುಗಿದಿವೆ. ಮಳೆ ರಜೆ, ಬಸ್ ತೊಂದರೆಯಾದರೆ ಅದೇ ದಿನ ಫೋನಿನಲ್ಲಿ ಮಾತಾಡಿ ಬೇರೆ ದಿನ ಗೊತ್ತುಮಾಡುತ್ತೇವೆ. ಅಮ್ಮ ಎಂಟನೆಯ ಮತ್ತು ಹನ್ನೆರಡನೆಯ ಭೇಟಿಗೆ ಬರುತ್ತಾರೆ.

ಈ ಅವಧಿಯಲ್ಲಿ: ಸುಮಾ ಕಾಲೇಜಿಗೆ ಹೋಗುತ್ತಾಳೆ, ಊಟದ ಕೋಣೆಗೆ ಇಳಿದು ಬರುತ್ತಾಳೆ. ಅಂಕ ಮೊದಲಿನಂತೆ ಬರಬೇಕೆಂದು ಮನೆಯವರು ಡಿಸೆಂಬರ್‌ವರೆಗೆ ನಿರೀಕ್ಷಿಸುವುದಿಲ್ಲ.

ಗುಟ್ಟು: ಸುಮಾ ಹೇಳಿದ್ದು ಚಿಕಿತ್ಸಕಿಯ ಬಳಿಯೇ ಇರುತ್ತದೆ. ಅವಳ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯ ಕಂಡರೆ ಮನೆಯವರಿಗೆ ಹೇಳಲೇಬೇಕಾಗುತ್ತದೆ. ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಕಾನೂನಿನಂತೆ ದೂರು ಕೊಡಬೇಕಾಗುತ್ತದೆ. ಎರಡೂ ಸಂದರ್ಭದಲ್ಲಿ ಮೊದಲು ಸುಮಾಳಿಗೆ ತಿಳಿಸುತ್ತೇವೆ.

ಅಪಾಯದ ಹೊತ್ತಿಗೆ: ಸಾಯುವ ಯೋಚನೆ ಬಲವಾದರೆ ವಾರ್ಡನ್‌ಗೆ ಹೇಳುತ್ತಾಳೆ, ಅಮ್ಮನಿಗೆ ಕರೆ ಮಾಡುತ್ತಾಳೆ, ರಾತ್ರಿಯಾದರೆ ಟೆಲಿ ಮಾನಸ್ 14416. ಮನೆಯಲ್ಲಿ ತೋಟಕ್ಕೆ ಹೊಡೆಯುವ ಔಷಧಗಳನ್ನು ಅಪ್ಪಯ್ಯ ಬೀಗ ಹಾಕಿ ಇಡುತ್ತಾರೆ.

ಎಂಟನೆಯ ಭೇಟಿಗೆ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಮತ್ತೆ ತುಂಬುತ್ತೇವೆ. ಮೊತ್ತ ಇಳಿಯದಿದ್ದರೆ ಅಥವಾ ಏರಿದರೆ ಮನೋವೈದ್ಯರನ್ನು ಕಾಣುತ್ತೇವೆ. ಸಹಿ: ಸುಮಾ, ಅಮ್ಮ, ಚಿಕಿತ್ಸಕಿ.

ಮೂಲ ಕೈಪಿಡಿಯ ರೀತಿಯಲ್ಲಿ ಇಂಥ ಒಪ್ಪಂದ ಬಾಯಿಮಾತಿನದಾದರೂ ಸಾಕು. ನಾನು ಬರೆಸುತ್ತೇನೆ, ಏಕೆಂದರೆ ಹೊಸಬರು ಬಾಯಲ್ಲಿ ಹೇಳುವಾಗ ಕಠಿಣ ಸಾಲುಗಳನ್ನು ನುಂಗಿಬಿಡುತ್ತಾರೆ. ಹದಿನೆಂಟು ತುಂಬದ ಮಗುವಿನ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಹೇಗೂ ಬೇಕು. ಮಗುವಿನ ಒಪ್ಪಿಗೆ ಇಲ್ಲದೆ ಚಿಕಿತ್ಸೆಯೇ ನಡೆಯದು.

ಈ ಹಾಳೆಯಲ್ಲಿ ಎರಡು ಜಾಗ ಅನುಭವದಿಂದ ತಿದ್ದಿದವು. "ಜಗಳ" ಎಂಬ ಪದವನ್ನು ಕರಡಿನಲ್ಲಿ ಓದಿದ ತಾಯಿ ತಲೆಯೆತ್ತಿ "ಹಾಗಾದರೆ ಇದು ನನ್ನಿಂದಲೇ ಆದದ್ದಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಸಮಾಧಾನದ ಮಾತಿನಿಂದ ಮುಚ್ಚಬಾರದು, ಸಾಲನ್ನೇ ತಿದ್ದಬೇಕು. "ಕಾಳಜಿಯಿಂದ ಕೇಳುವುದು ಲೆಕ್ಕ ಕೇಳಿದಂತೆ ಕೇಳಿಸುತ್ತದೆ" ಎಂಬ ವಾಕ್ಯ ಹುಟ್ಟಿದ್ದು ಆಗ, ಅದರಲ್ಲಿ "ಲೆಕ್ಕ" ಸುಮಾಳದೇ ಪದ. ಇನ್ನೊಂದು, ರೋಗಿಯ ಪಾತ್ರದ ಮಿತಿ. ಖಿನ್ನತೆ ಕಾಯಿಲೆ ಎಂದಾಗ ಮಗುವಿನ ಮೇಲಿನ ದೂಷಣೆ ಇಳಿಯುತ್ತದೆ, ಅದು ಒಳ್ಳೆಯದು. ಆದರೆ ಅದೇ ಮಾತು ಹಿಡಿದು ಮಗುವನ್ನು ಊರಿಗೆ ಕರೆದೊಯ್ದು ಹಾಸಿಗೆಯಲ್ಲಿ ಮಲಗಿಸಿದರೆ ಇರುವ ಒಡನಾಟವೂ ಕಡಿದು ಖಿನ್ನತೆ ಹೆಚ್ಚುತ್ತದೆ. ಹಾಗಾಗಿ ಕಾಲೇಜಿಗೆ ಹೋಗುವುದನ್ನು ಉಳಿಸಿ, ಅಂಕ ಗಳಿಸುವುದನ್ನು ಸಡಿಲಿಸುತ್ತೇವೆ.

ಆರನೆಯ ಭೇಟಿಯಲ್ಲಿ ಚಿಕಿತ್ಸಕಿ ಮತ್ತು ಸುಮಾ ಅಮ್ಮನ ಒಂದು ಕರೆಯನ್ನು ಮಾತು ಮಾತಾಗಿ ಬಿಡಿಸಿದರು. ಯಾರು ಮೊದಲು ಏನೆಂದರು, ಆಗ ಏನನಿಸಿತು, ನೀನು ಏನು ಹೇಳಬೇಕೆಂದಿದ್ದೆ, ಅಮ್ಮ ಏನು ಕೇಳಿಸಿಕೊಂಡಿರಬಹುದು. ನಡುವೆ ಚಿಕಿತ್ಸಕಿ ಕೇಳಿದರು: "ಅಮ್ಮ ಎಲ್ಲಿ ನಿಂತು ಮಾತಾಡುತ್ತಾರೆ?"

"ದರೆಯ ಮೇಲೆ, ಹಲಸಿನ ಮರದ ಕೆಳಗೆ. ಮನೆಯೊಳಗೆ ಸಿಗ್ನಲ್ ಇಲ್ಲವಲ್ಲ."

"ರಾತ್ರಿ ಎಂಟೂವರೆಗೆ? ಮೊನ್ನೆ ಮಳೆಯಿತ್ತಲ್ಲ?"

ಸುಮಾ ತುಂಬ ಹೊತ್ತು ಮಾತಾಡಲಿಲ್ಲ. "ಅದಕ್ಕೇ ಬೇಗ ಬೇಗ ಕೇಳುತ್ತಾಳೇನೋ" ಎಂದಳು. ಅವಳಿಗೆ ಗೊತ್ತಿಲ್ಲದ ಸಂಗತಿಯೇನೂ ಅದಾಗಿರಲಿಲ್ಲ. ಮಾತನ್ನು ನಿಧಾನವಾಗಿ ಬಿಡಿಸಿದಾಗ ಮಾತ್ರ ಗೊತ್ತಿದ್ದದ್ದು ಕಣ್ಣಿಗೆ ಬೀಳುತ್ತದೆ.

ಆಮೇಲೆ ದಾರಿಗಳ ಪಟ್ಟಿ ಮಾಡಿದರು. ಕರೆಯನ್ನು ಬೆಳಕಿರುವಾಗ, ಸಂಜೆ ಐದೂವರೆಗೆ ಇಟ್ಟುಕೊಳ್ಳುವುದು. ಅಂಕದ ಮಾತನ್ನು ಭಾನುವಾರಕ್ಕೆ ಮಾತ್ರ ಮೀಸಲಿಡುವುದು. ಇದನ್ನು ಹೇಳುವುದು ಹೇಗೆಂದು ಚಿಕಿತ್ಸಕಿಯೇ ಅಮ್ಮನಾಗಿ ಎರಡು ಸಲ ಅಭ್ಯಾಸ ಮಾಡಿಸಿದರು. ಮೊದಲ ಸಲ ಸುಮಾ "ನೀನು ಯಾವಾಗಲೂ ಅಂಕವನ್ನೇ ಕೇಳುತ್ತೀಯ" ಎಂದಳು. ಎರಡನೆಯ ಸಲ "ಅಂಕ ಕೇಳಿದ ಕೂಡಲೇ ನನಗೆ ಬಾಯಿ ಕಟ್ಟುತ್ತದೆ ಅಮ್ಮ, ಮೊದಲು ಬೇರೆ ಏನಾದರೂ ಮಾತಾಡೋಣ" ಎಂದಳು. ಕಾದ ಕಬ್ಬಿಣವನ್ನು ಬಡಿ ಎಂಬ ಗಾದೆಯನ್ನು ಐಪಿಟಿ-ಎ ತಿರುಗಿಸಿ ಹೇಳಿಕೊಡುತ್ತದೆ: ಕಬ್ಬಿಣ ತಣ್ಣಗಿದ್ದಾಗ ಬಡಿ. ಅಂದರೆ ಟೆಸ್ಟಿನ ಫಲಿತಾಂಶ ಬಂದ ರಾತ್ರಿ ಈ ಮಾತೆತ್ತಬೇಡ, ಏನೂ ಇಲ್ಲದ ಮಂಗಳವಾರ ಎತ್ತು.

ಮಂಗಳವಾರ ಎತ್ತಿದಳು. ಕೆಟ್ಟುಹೋಯಿತು. ತಾಯಿ "ಅಂಕ ಕೇಳುವುದೂ ತಪ್ಪಾ?" ಎಂದು ಫೋನಿಟ್ಟರು, ಆ ವಾರ ಸುಮಾಳ ಮನಸ್ಥಿತಿಯ ಅಂಕ ಒಂಬತ್ತಕ್ಕೆ ಏರಿತು. ಇಲ್ಲಿ ಹೊಸ ಚಿಕಿತ್ಸಕರು ಗಾಬರಿಯಾಗಿ ವಲಯ ಬದಲಿಸಲು ಹೊರಡುತ್ತಾರೆ. ಕಗ್ಗಂಟು ಸಡಿಲುವಾಗ ಇದು ಆಗುವಂಥದ್ದೇ. ಬದಲಿಸುವ ಬದಲು ಎಂಟನೆಯ ಭೇಟಿಗೆ ಬರೆದಿಟ್ಟಿದ್ದ ತಾಯಿಯ ಸರದಿಯನ್ನು ಏಳಕ್ಕೆ ತಂದೆವು. ಅಡಿಕೆ ಸುಲಿಗೆ ಶುರುವಾಗಿತ್ತು, ಅವರು ಆಳುಗಳಿಗೆ ಅಡುಗೆ ಮಾಡಿಟ್ಟು ಬೆಳಗಿನ ಬಸ್ಸಿಗೆ ಬಂದರು. ಸುಮಾ ಅದೇ ವಾಕ್ಯವನ್ನು ಅವರೆದುರು ಹೇಳಿದಳು. ತಾಯಿ ಉತ್ತರಿಸಲು ಸುಮಾರು ಹೊತ್ತು ತೆಗೆದುಕೊಂಡರು: "ನನಗೆ ಬೇರೆ ಏನು ಕೇಳಬೇಕೆಂದು ಗೊತ್ತಾಗುವುದಿಲ್ಲ. ನಿನ್ನ ಪುಸ್ತಕದ್ದು ನನಗೆ ತಿಳಿಯುವುದಿಲ್ಲವಲ್ಲ."

ಎಂಟನೆಯ ಭೇಟಿಯಲ್ಲಿ ಪಟ್ಟಿಯ ಮೊತ್ತ 11, ಹನ್ನೆರಡನೆಯದರಲ್ಲಿ 6, ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಓದುವ ಜೊತೆಗಾತಿಯ ಗುರಿ ಮಾತ್ರ ಅರ್ಧಕ್ಕೆ ನಿಂತಿತು. ಕೋಣೆಯವಳು ಸಿಕ್ಕಳು, ಓದಲಿಕ್ಕಲ್ಲ, ಸಂಜೆ ಬಜ್ಜಿ ತಿನ್ನಲಿಕ್ಕೆ. ಸುಲಿಗೆಯ ಕಾರಣ ಕೊನೆಯ ಭೇಟಿ ಎರಡು ವಾರ ಮುಂದೆ ಹೋಯಿತು. ಅಂದು ಸುಮಾ ಒಪ್ಪಂದದ ಹಾಳೆಯ ಹಿಂಬದಿಗೆ, ಖಿನ್ನತೆ ಮತ್ತೆ ಬಂದರೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆದಳು: ತಿಂಡಿ ಎರಡು ದಿನ ಬಿಟ್ಟರೆ, ರಾತ್ರಿ ಎರಡಕ್ಕೆ ಎಚ್ಚರವಾದರೆ, ಅಮ್ಮನಿಗೆ ಬರೀ "ಹೂಂ" ಅನ್ನತೊಡಗಿದರೆ. ತಾಯಿ ಓದಿ, ಪೆನ್ನು ಕೇಳಿ ಪಡೆದು ಕೆಳಗೆ ಸೇರಿಸಿದರು: "ಎರಡು ದಿನ ಅವಳಾಗಿ ಫೋನ್ ಮಾಡದಿದ್ದರೆ ನಾನೇ ಬಸ್ಸು ಹತ್ತುತ್ತೇನೆ."